ತೆರಿಗೆಗೆ ಪ್ಯಾಕೇಜು, ಹೊಣೆಗೆ ಬಿಡಿಬಿಡಿ

ಟ್ರಾವೆಲ್ ಆ್ಯಪ್‌ಗಳಲ್ಲಿ ಈಗ 'ಫ್ಲೈಟ್ + ಹೋಟೆಲ್' ಅಂತ ಒಂದು ಗುಂಡಿ ಇರುತ್ತೆ. ಒತ್ತಿದರೆ ಎರಡೂ ಸೇರಿ ಒಂದೇ ಮೊತ್ತ ಬರುತ್ತೆ, ಅದರ ಕೆಳಗೆ ಹಸಿರು ಅಕ್ಷರದಲ್ಲಿ 'ನೀವು 7,000 ರೂ. ಉಳಿಸಿದ್ದೀರಿ' ಅಂತ ಒಂದು ಶಹಬ್ಬಾಸ್‌ಗಿರಿ. ಯಾವುದಕ್ಕೆ ಹೋಲಿಸಿದರೆ ಉಳಿದದ್ದು ಅನ್ನೋದನ್ನು ಮಾತ್ರ ಅದು ಹೇಳೋದಿಲ್ಲ. ಸಿನಿಮಾ, ಪುಸ್ತಕ, ಹೋಟೆಲಿನ ಮಸಾಲೆ ದೋಸೆ ಎಲ್ಲಕ್ಕೂ ವಿಮರ್ಶೆ ಬರೆಯುವ ನಾವು, ಒಂದು ಲಕ್ಷ ಕೊಟ್ಟು ಕೊಳ್ಳುವ ಈ ಸರಕನ್ನು ಯಾಕೆ ವಿಮರ್ಶೆ ಮಾಡಬಾರದು? ಬೆಲೆ, ಬದಲಾಯಿಸುವ ಸ್ವಾತಂತ್ರ್ಯ, ಕೈಕೊಟ್ಟಾಗ ಸಿಗುವ ರಕ್ಷಣೆ ಅಂತ ಮೂರು ಕಡೆಯಿಂದ ಅದನ್ನು ತಿರುಗಿಸಿ ನೋಡೋಣ.

ಅಗ್ಗ ಆಗೋದು ಯಾವುದು?

ಮೊದಲು ಆ ರಿಯಾಯಿತಿ ಎಲ್ಲಿಂದ ಬರುತ್ತೆ ಅಂತ ತಿಳಿಯಬೇಕು. ಸಾಮಾನ್ಯವಾಗಿ ಅದು ವಿಮಾನದಿಂದ ಬರೋದಿಲ್ಲ, ಹೋಟೆಲಿನಿಂದ ಬರುತ್ತೆ. ಹೋಟೆಲಿನವರಿಗೆ ಒಂದು ಪೀಕಲಾಟ ಇದೆ. ಖಾಲಿ ರೂಮು ತುಂಬಿಸೋಕೆ ದರ ಇಳಿಸಬೇಕು, ಆದರೆ ಎಲ್ಲರಿಗೂ ಕಾಣುವ ಹಾಗೆ ಇಳಿಸಿದರೆ ಉಳಿದ ಬುಕಿಂಗ್ ಸೈಟುಗಳು 'ನಮಗೂ ಅದೇ ದರ ಕೊಡಿ' ಅಂತ ಜಗಳಕ್ಕೆ ಬರುತ್ತವೆ. ಈಗಾಗಲೇ ಬುಕ್ ಮಾಡಿದವರು ಕ್ಯಾನ್ಸಲ್ ಮಾಡಿ ಹೊಸ ದರದಲ್ಲಿ ಮತ್ತೆ ಬುಕ್ ಮಾಡ್ತಾರೆ. ಹಾಗಾಗಿ ಅವರು ಕಡಿಮೆ ದರವನ್ನು ಒಂದು ಷರತ್ತಿನ ಮೇಲೆ ಕೊಡ್ತಾರೆ: ಇದನ್ನು ಬಿಡಿಯಾಗಿ ತೋರಿಸಬಾರದು, ವಿಮಾನದ ಜೊತೆ ಸೇರಿಸಿ ಒಟ್ಟು ಮೊತ್ತದೊಳಗೆ ಮುಚ್ಚಿಡಬೇಕು. ಪ್ಯಾಕೇಜಿನ ಬೆಲೆಯನ್ನು ಒಡೆದು ತೋರಿಸದೇ ಇರೋದಕ್ಕೆ ಕಾರಣ ಸೋಮಾರಿತನ ಅಲ್ಲ, ಅದು ವ್ಯಾಪಾರದ ಒಪ್ಪಂದ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ದಿನಾಂಕಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ. ಬೆಂಗಳೂರಿನ ಗಂಡ ಹೆಂಡತಿ ಇಬ್ಬರು ಬಾಲಿಗೆ ಐದು ರಾತ್ರಿ ಹೊರಟಿದ್ದಾರೆ. ಇಬ್ಬರ ಹೋಗಿಬರುವ ಟಿಕೆಟ್ 60,000 ರೂ., ಹೋಟೆಲ್ ರಾತ್ರಿಗೆ 9,000ದಂತೆ 45,000 ರೂ. ಒಟ್ಟು 1,05,000. ಪ್ಯಾಕೇಜಿನಲ್ಲಿ 98,000. ಏಳು ಸಾವಿರದ ಉಳಿತಾಯ ಕಣ್ಣಿಗೆ ಕಾಣ್ತಾ ಇದೆ.

ಈಗ ಪ್ಯಾಕೇಜಿನೊಳಗಿನ ರೂಮಿನ ವಿವರ ತೆರೆದು ಓದಿ. 45,000ದ ರೂಮಿನಲ್ಲಿ ಬೆಳಗಿನ ತಿಂಡಿ ಸೇರಿತ್ತು, ಹೊರಡುವ ಎರಡು ದಿನ ಮುಂಚಿನವರೆಗೂ ಪುಕ್ಕಟೆ ಕ್ಯಾನ್ಸಲ್ ಮಾಡಬಹುದಿತ್ತು. ಪ್ಯಾಕೇಜಿನದ್ದು ತಿಂಡಿ ಇಲ್ಲದ, ದುಡ್ಡು ವಾಪಸ್ ಬರದ ರೂಮು. ಹೋಟೆಲಿನ ಸ್ವಂತ ಸೈಟಿನಲ್ಲಿ ಇದೇ ಷರತ್ತಿನ ಇದೇ ರೂಮನ್ನು ಹುಡುಕಿದರೆ ರಾತ್ರಿಗೆ 7,500, ಅಂದ್ರೆ ಐದು ರಾತ್ರಿಗೆ 37,500. ಟಿಕೆಟ್ ಸೇರಿಸಿದರೆ 97,500. ಪ್ಯಾಕೇಜೇ ಐನೂರು ರೂಪಾಯಿ ದುಬಾರಿ ಆಯ್ತಲ್ಲ!

ಅಷ್ಟಕ್ಕೇ ಗೆದ್ದೆವು ಅಂದುಕೊಳ್ಳಬೇಡಿ, ಬಿಡಿ ಬುಕಿಂಗಿನಲ್ಲೂ ಒಂದು ಮರೆತ ಖರ್ಚಿದೆ. ಆ ಹೋಟೆಲಿನ ಸೈಟು ದುಡ್ಡನ್ನು ಇಂಡೊನೇಷ್ಯಾದ ರುಪಿಯಾದಲ್ಲೋ ಡಾಲರ್‌ನಲ್ಲೋ ಎಳೆದುಕೊಂಡರೆ ನಿಮ್ಮ ಕ್ರೆಡಿಟ್ ಕಾರ್ಡಿನವರು ಫಾರೆಕ್ಸ್ ಮಾರ್ಕಪ್ ಹಾಕ್ತಾರೆ. ಅದು ಶೇ. 3.5 ಇದ್ದರೆ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ ಶೇ. 4.13 ಆಗುತ್ತೆ. 37,500ಕ್ಕೆ ಅದು 1,550 ರೂ. ಈಗ ಬಿಡಿ ಬುಕಿಂಗ್ 99,050, ಪ್ಯಾಕೇಜ್ 98,000. ಹಸಿರು ಅಕ್ಷರದ ಏಳು ಸಾವಿರ ನಿಜದಲ್ಲಿ ಸಾವಿರದ ಐವತ್ತು ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡು ನಿಮ್ಮಲ್ಲಿದ್ದರೆ ಅದೂ ಇಲ್ಲ.

ಹಾಗಾದರೆ ಪ್ಯಾಕೇಜು ಯಾವಾಗಲೂ ಬೂಟಾಟಿಕೆಯಾ? ಇಲ್ಲ. ರಿಯಾಯಿತಿ ಹೋಟೆಲಿನಿಂದ ಬರುತ್ತೆ ಅಂದಮೇಲೆ, ಖರ್ಚಿನಲ್ಲಿ ಹೋಟೆಲಿನ ಪಾಲು ದೊಡ್ಡದಾದಷ್ಟೂ ಪ್ಯಾಕೇಜಿಗೆ ಬಲ. ಇದೇ ದಂಪತಿ ರಾತ್ರಿಗೆ 22,000ದ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ ಇರೋದಾದರೆ ಹೋಟೆಲಿನ ಬಿಲ್ಲೇ 88,000. ಅದರಲ್ಲಿ ಶೇ. 15 ನಿಜವಾಗಿ ಇಳಿದರೂ 13,200 ಉಳಿಯಿತು. ಅದೇ ಎರಡು ಸಾವಿರದ ಹಾಸ್ಟೆಲ್ ರೂಮು ಹಿಡಿಯುವವರಿಗೆ ಪ್ಯಾಕೇಜು ಏನನ್ನೂ ಕೊಡೋದಿಲ್ಲ, ಕೊಡೋಕೆ ಅಲ್ಲಿ ಏನೂ ಇಲ್ಲ. ಒಂದು ಮಾತು ನೆನಪಿರಲಿ: ಒಂದೇ ವಿಮಾನ ಸಂಖ್ಯೆ, ಒಂದೇ ಬಗೆಯ ಫೇರ್, ಒಂದೇ ಲಗೇಜು, ಒಂದೇ ರೂಮು, ಒಂದೇ ಕ್ಯಾನ್ಸಲೇಶನ್ ಷರತ್ತು ಇಟ್ಟು ಹೋಲಿಸದೇ ಇದ್ದರೆ ಅದು ಹೋಲಿಕೆಯೇ ಅಲ್ಲ.

ರಜಾ ಸಿಗದೇ ಹೋದರೆ?

ನಮ್ಮಂಥವರ ಟ್ರಿಪ್ಪು ಕೆಡೋದು ಚಂಡಮಾರುತದಿಂದಲ್ಲ, ಹೆಚ್ಚಾಗಿ ಆಫೀಸಿನಿಂದ. ರಿಲೀಸ್ ಡೇಟು ಮುಂದಕ್ಕೆ ಹೋಯ್ತು, ಕ್ಲೈಂಟ್ ಬರ್ತಾ ಇದ್ದಾರೆ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'. ಹಾಗಾಗಿ ಬದಲಾಯಿಸುವ ಸ್ವಾತಂತ್ರ್ಯಕ್ಕೂ ಒಂದು ಬೆಲೆ ಕಟ್ಟಿ ನೋಡಬೇಕು.

ಅದೇ ಬಾಲಿ ಟ್ರಿಪ್ಪಿಗೆ ಬನ್ನಿ. ಹೊರಡೋಕೆ ಹತ್ತು ದಿನ ಇರುವಾಗ ರಜಾ ರದ್ದಾಯಿತು. ವಿಮಾನದ ಟಿಕೆಟ್ಟಿನಲ್ಲಿ ಎರಡೂ ದಾರಿಯಲ್ಲಿ ಒಂದೇ ಪೆಟ್ಟು, ಅರ್ಧ ದುಡ್ಡು ಅಂದ್ರೆ 30,000 ಹೋಯಿತು ಅಂದುಕೊಳ್ಳೋಣ. ಪುಕ್ಕಟೆ ಕ್ಯಾನ್ಸಲ್ ಇರುವ ಹೋಟೆಲನ್ನು ಬಿಡಿಯಾಗಿ ಹಿಡಿದಿದ್ದರೆ ಅದರ 45,000 ವಾಪಸ್ಸು. ಪ್ಯಾಕೇಜಿನಲ್ಲಿ ಹೋಟೆಲಿನ ಪಾಲು 38,000 ಇತ್ತಲ್ಲ, ಅದು ಪೂರ್ತಿ ಹೋಯಿತು. ಬಿಡಿಯಲ್ಲಿ ನಷ್ಟ 30,000, ಪ್ಯಾಕೇಜಿನಲ್ಲಿ 68,000.

ಇದನ್ನು ಹೀಗೂ ನೋಡಬಹುದು. ಕ್ಯಾನ್ಸಲ್ ಮಾಡಬಹುದಾದ ಬಿಡಿ ಬುಕಿಂಗಿಗೆ ಫಾರೆಕ್ಸ್ ಮಾರ್ಕಪ್ ಸೇರಿ ಹತ್ತಿರ ಹತ್ತಿರ 1,06,850 ಖರ್ಚು. ಪ್ಯಾಕೇಜಿಗಿಂತ 8,850 ಜಾಸ್ತಿ. ನಾಲ್ಕು ಟ್ರಿಪ್ಪು ಸುಸೂತ್ರವಾಗಿ ಹೋಗಿಬಂದರೆ ಪ್ಯಾಕೇಜಿನವರು 35,400 ಉಳಿಸ್ತಾರೆ, ಐದನೆಯದು ರದ್ದಾದರೆ 38,000 ಹೆಚ್ಚಿಗೆ ಕಳ್ಕೊಳ್ತಾರೆ. ಅಂದ್ರೆ ನಿಮ್ಮ ಟ್ರಿಪ್ಪುಗಳಲ್ಲಿ ಐದಕ್ಕೊಂದು ಕೆಡುತ್ತೆ ಅನ್ನಿಸಿದರೆ ಪ್ಯಾಕೇಜಿನ ಉಳಿತಾಯಕ್ಕೆ ಅರ್ಥ ಇಲ್ಲ. ಹತ್ತಕ್ಕೊಂದು ಅನ್ನುವ ಧೈರ್ಯ ಇದ್ದರೆ ಪ್ಯಾಕೇಜೇ ಲಾಭ. ವೀಸಾ ಕೈಗೆ ಬರೋಕೆ ಮುಂಚೆ ಬುಕ್ ಮಾಡಬೇಕಾದ ದೇಶಗಳಿಗೆ ಹೋಗುವಾಗ ಈ ಲೆಕ್ಕ ಇನ್ನೂ ಮುಖ್ಯ. ವೀಸಾ ಸಿಗದಿದ್ದರೆ ಆಗುವ ನಷ್ಟವನ್ನು ಪ್ಯಾಕೇಜಿನವರು ಹೊರುತ್ತಾರೆ ಅಂತ ಬರವಣಿಗೆಯಲ್ಲಿ ಇಲ್ಲದಿದ್ದರೆ ಅದು ನಿಮ್ಮ ತಲೆ ಮೇಲೇ.

ಕ್ಯಾನ್ಸಲ್ ಅಷ್ಟೇ ಅಲ್ಲ, ಬದಲಾವಣೆಯೂ ಕಷ್ಟ. ಪ್ಯಾಕೇಜಿನ ಹೋಟೆಲ್ ದರ ಆ ವಿಮಾನಕ್ಕೆ ಗಂಟುಹಾಕಿದ್ದು. ಒಂದು ದಿನ ಮುಂದೂಡಿ ಅಂದರೆ ಇಡೀ ಗಂಟನ್ನು ಬಿಚ್ಚಿ ಆ ದಿನದ ದರದಲ್ಲಿ ಮತ್ತೆ ಕಟ್ತಾರೆ. ಹೋಟೆಲ್ ಬೇಡ, ಟಿಕೆಟ್ ಇಟ್ಟುಕೊಳ್ತೀನಿ ಅಂದರೆ ಎಷ್ಟೋ ಕಡೆ ಆಗೋದೇ ಇಲ್ಲ.

ಪ್ಯಾಕೇಜು ಗೆಲ್ಲಬೇಕಾದ ಜಾಗ ಒಂದಿದೆ. ವಿಮಾನ ಕಂಪನಿಯೇ ವೇಳಾಪಟ್ಟಿ ಬದಲಿಸಿ ನಿಮ್ಮನ್ನು ಒಂದು ದಿನ ತಡವಾಗಿ ಕಳಿಸಿದರೆ, ಬಿಡಿಯಾಗಿ ಕೊಂಡವರಿಗೆ ವಿಮಾನದವರು ಬೇರೆ ವಿಮಾನವನ್ನೋ ಟಿಕೆಟ್ಟಿನ ದುಡ್ಡನ್ನೋ ಕೊಡ್ತಾರೆ, ಹೋಟೆಲಿನ ಮೊದಲ ರಾತ್ರಿ ಮಾತ್ರ ಹೋದದ್ದೇ. ಹೋಟೆಲಿಗೂ ವಿಮಾನಕ್ಕೂ ಸಂಬಂಧ ಇಲ್ಲವಲ್ಲ. ಎರಡನ್ನೂ ಒಟ್ಟಿಗೆ ಮಾರಿದವರು ಎರಡನ್ನೂ ಒಟ್ಟಿಗೆ ಸರಿಪಡಿಸಬೇಕು ಅನ್ನೋದು ನ್ಯಾಯ. ಆದರೆ ಮಾರಿದವರು ಹಾಗೆ ಒಪ್ಪಿಕೊಂಡಿದ್ದಾರಾ? ಇಲ್ಲೇ ನಿಜವಾದ ತಕರಾರು ಶುರುವಾಗೋದು.

ಯಾರು ಮಾರಿದ್ದು ಸ್ವಾಮಿ?

ಒಂದು ಸಣ್ಣ ಕಥೆ ಕೇಳಿ, ತೆರಿಗೆ ಇಲಾಖೆಯದ್ದು. 2020ರ ಅಕ್ಟೋಬರ್ 1ರಿಂದ ವಿದೇಶ ಪ್ರವಾಸದ ಪ್ಯಾಕೇಜು ಕೊಂಡರೆ ಮಾರುವವರು ಟಿಸಿಎಸ್ ಹಿಡಿಯಬೇಕು ಅಂತ ಬಂತು. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿರುತ್ತೆ. 2025–26ರ ಆರ್ಥಿಕ ವರ್ಷ ಶುರುವಾದಾಗ ಹತ್ತು ಲಕ್ಷದವರೆಗೆ ಶೇ. 5, ಅದರ ಮೇಲೆ ಶೇ. 20 ಇತ್ತು. ಪ್ಯಾಕೇಜು ಅಂದರೆ ಏನು ಅಂತ ಗೊಂದಲ ಆದಾಗ ನೇರ ತೆರಿಗೆ ಮಂಡಳಿ 2023ರ ಜೂನ್ 30ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತು: ಬರೀ ವಿದೇಶಿ ವಿಮಾನದ ಟಿಕೆಟ್ ಕೊಂಡರೆ ಅದು ಪ್ಯಾಕೇಜಲ್ಲ, ಬರೀ ಹೋಟೆಲ್ ಕೊಂಡರೂ ಅಲ್ಲ. ಟಿಕೆಟ್ಟು, ವಸತಿ, ಇತರ ಪ್ರವಾಸದ ಖರ್ಚು, ಈ ಮೂರರಲ್ಲಿ ಕನಿಷ್ಠ ಎರಡು ಸೇರಿದರೆ ಪ್ಯಾಕೇಜು.

ನಮ್ಮ ದಂಪತಿಯ 98,000ಕ್ಕೆ ಆ ಶೇ. 5ರ ದರದಲ್ಲಿ ಇನ್ನೂ 4,900 ಕೈಯಿಂದ ಹೋಯಿತು. ಬಿಡಿಯಾಗಿ ಕೊಂಡಿದ್ದರೆ ಇದು ಇರ್ತಿರಲಿಲ್ಲ. ಗಾಬರಿ ಬೇಡ, ಇದು ಖರ್ಚಲ್ಲ, ನಿಮ್ಮ ಹೆಸರಿಗೆ ಜಮಾ ಆದ ತೆರಿಗೆ. ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. 2024ರ ಅಕ್ಟೋಬರ್‌ನಿಂದ ಸಂಬಳದಾರರು ಅದನ್ನು ಆಫೀಸಿಗೆ ತಿಳಿಸಿ ಸಂಬಳದಲ್ಲಿ ಕಡಿಯುವ ಟಿಡಿಎಸ್ಸಿಗೂ ವಜಾ ಮಾಡಿಸಬಹುದು. ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಲಿರೋದಿಲ್ಲ, ಅಷ್ಟೇ. ಬೆಲೆ ಹೋಲಿಸುವಾಗ ಅದನ್ನು ನಷ್ಟ ಅಂತ ಸೇರಿಸಬೇಡಿ, ಮರೆತೂ ಬಿಡಬೇಡಿ.

ನನ್ನ ಆಕ್ಷೇಪ ಆ 4,900ರ ಬಗ್ಗೆ ಅಲ್ಲ. ತೆರಿಗೆ ಹಿಡಿಯುವಾಗ ಮಾರುವವರು 'ಇದು ಪ್ಯಾಕೇಜು' ಅಂತ ಒಪ್ಪಿಕೊಂಡರು. ಈಗ ಅದೇ ಕಂಪನಿಯ ಷರತ್ತುಗಳ ಪುಟ ತೆರೆಯಿರಿ. ಹೆಚ್ಚಿನವುಗಳಲ್ಲಿ ಒಂದು ವಾಕ್ಯ ಸಿಗುತ್ತೆ: ನಾವು ಬರೀ ಮಧ್ಯವರ್ತಿಗಳು, ವಿಮಾನದ ಸೇವೆಗೆ ವಿಮಾನದವರು ಹೊಣೆ, ರೂಮಿಗೆ ಹೋಟೆಲಿನವರು ಹೊಣೆ. ದುಡ್ಡು ತಗೊಳ್ಳುವಾಗ ಒಂದು ಸರಕು, ಹೊಣೆ ಹೊರುವಾಗ ಎರಡು ಬಿಡಿ ಸೇವೆ! ಬೆಲೆ ಒಡೆದು ತೋರಿಸೋದಿಲ್ಲ, ಜವಾಬ್ದಾರಿಯನ್ನು ಮಾತ್ರ ಚೂರುಚೂರಾಗಿ ಒಡೆದು ಹಂಚ್ತಾರೆ.

ಇದು ಜಗತ್ತಿನ ರೀತಿ ಅಂದುಕೊಳ್ಳಬೇಕಿಲ್ಲ. ಯುರೋಪಿನ ಒಕ್ಕೂಟದಲ್ಲಿ 2018ರ ಜುಲೈ 1ರಿಂದ ಜಾರಿಯಾದ ಪ್ಯಾಕೇಜ್ ಪ್ರವಾಸದ ಕಾನೂನಿನ ಪ್ರಕಾರ, ವಿಮಾನ ಮತ್ತು ಹೋಟೆಲನ್ನು ಒಂದೇ ಮೊತ್ತಕ್ಕೆ ಒಟ್ಟಾಗಿ ಮಾರಿದವರು ಎರಡಕ್ಕೂ ಹೊಣೆ. ಅವರು ದಿವಾಳಿಯಾದರೆ ಗ್ರಾಹಕರ ದುಡ್ಡು ವಾಪಸ್ ಕೊಡೋಕೆ, ಅರ್ಧದಾರಿಯಲ್ಲಿರುವವರನ್ನು ಮನೆಗೆ ಕರೆತರೋಕೆ ಮೊದಲೇ ಭದ್ರತೆ ಇಟ್ಟಿರಬೇಕು. ಬ್ರಿಟನ್ನಿನಲ್ಲೂ ಅದೇ ವರ್ಷ ಅಂಥದ್ದೇ ನಿಯಮ ಬಂತು, ಜೊತೆಗೆ ವಿಮಾನ ಸೇರಿದ ಪ್ಯಾಕೇಜುಗಳಿಗೆ ಎಟಿಒಎಲ್ ಅನ್ನುವ ಹಳೆಯ ವ್ಯವಸ್ಥೆಯೂ ಇದೆ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಳುಗಿದಾಗ (ಇಲ್ಲಿನ ಥಾಮಸ್ ಕುಕ್ ಇಂಡಿಯಾ ಅಷ್ಟರಲ್ಲಾಗಲೇ ಬೇರೆ ಕಂಪನಿಯಾಗಿತ್ತು) ಅಲ್ಲಿನ ವಿಮಾನಯಾನ ಪ್ರಾಧಿಕಾರ ವಿಮಾನಗಳನ್ನು ಬಾಡಿಗೆಗೆ ಹಿಡಿದು 1,40,000ಕ್ಕೂ ಹೆಚ್ಚು ಜನರನ್ನು ಮನೆಗೆ ತಂದಿತು. ಮುಂದಿನ ಪ್ಯಾಕೇಜು ಕೊಂಡಿದ್ದವರಿಗೆ ಎಟಿಒಎಲ್‌ನಿಂದ ದುಡ್ಡು ಬಂತು. ಲಂಡನ್ನಿನಲ್ಲಿರುವ ನಿಮ್ಮ ಗೆಳೆಯ 'ಪ್ಯಾಕೇಜೇ ಸೇಫ್ ಕಣೋ' ಅಂದರೆ ಅವನ ಊರಿಗೆ ಅದು ನಿಜ. ಆ ಮಾತನ್ನು ಹಾಗೇ ಬೆಂಗಳೂರಿಗೆ ತರೋಕಾಗಲ್ಲ.

ನಮ್ಮಲ್ಲಿ ಅಂಥ ನಿಧಿ ಇಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿ ದಿವಾಳಿ ಪ್ರಕ್ರಿಯೆಗೆ ಹೋದಾಗ, ಟಿಕೆಟ್ ಕೊಂಡವರು ಸಾಲಗಾರರ ಸಾಲಿನಲ್ಲಿ ಬ್ಯಾಂಕುಗಳ ಹಿಂದೆ ನಿಲ್ಲಬೇಕಾಯಿತು. ಟ್ರಾವೆಲ್ ಏಜೆಂಟರ ಬಾಗಿಲ ಮೇಲಿನ ಐಎಟಿಎ ಸ್ಟಿಕ್ಕರು ಏಜೆಂಟರಿಗೂ ವಿಮಾನ ಕಂಪನಿಗಳಿಗೂ ಇರುವ ವ್ಯವಹಾರದ ಗುರುತು. ನಿಮ್ಮ ದುಡ್ಡಿಗೆ ಅದು ವಿಮೆ ಅಲ್ಲ.

ಹಾಗಂತ ನಾವು ಪೂರ್ತಿ ಅನಾಥರೂ ಅಲ್ಲ. ವಿಮಾನ ರದ್ದಾದರೆ, ಟಿಕೆಟ್ಟನ್ನು ಏಜೆಂಟರ ಮೂಲಕ ಕೊಂಡಿದ್ದರೂ ರೀಫಂಡಿನ ಹೊಣೆ ವಿಮಾನ ಕಂಪನಿಯದ್ದೇ ಅಂತ ಡಿಜಿಸಿಎ ನಿಯಮ ಹೇಳುತ್ತೆ. ಆದರೆ ಪ್ಯಾಕೇಜಿನಲ್ಲಿ ಟಿಕೆಟ್ಟಿನ ಪಾಲು ಎಷ್ಟು ಅಂತ ನಿಮಗೇ ಗೊತ್ತಿರಲ್ಲ, ವಾಪಸ್ ಬಂದದ್ದು ಸರಿಯಾ ಅಂತ ತಾಳೆ ನೋಡೋದು ಹೇಗೆ? ಹಾಗಾಗಿ ಕೊಳ್ಳುವ ದಿನವೇ ಮೇಲ್ ಹಾಕಿ ಒಡೆದ ಬೆಲೆ ಕೇಳಿ ಇಟ್ಟುಕೊಳ್ಳಿ. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಉಪಕಾರ ಮಾಡಿದೆ: ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೆ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು.

ಆ ದೂರಿನಲ್ಲಿ ನಿಮ್ಮ ಕೈ ಬಲ ಮಾಡೋದು ಇನ್‌ವಾಯ್ಸು. ಅದರ ಮೇಲೆ ಎಸ್‌ಎಸಿ ಅಂತ ಆರಂಕಿಯ ಒಂದು ಸಂಖ್ಯೆ ಇರುತ್ತೆ. 998555 ಇದ್ದರೆ ಅವರು ಟೂರ್ ಆಪರೇಟರ್ ಆಗಿ ಮಾರಿದ್ದಾರೆ. 998551, 998552 ಅಂತ ಬೇರೆ ಬೇರೆ ಸಾಲು ಇದ್ದರೆ ಟಿಕೆಟ್ಟು ಕಾಯ್ದಿರಿಸಿದ್ದಕ್ಕೆ ಒಂದು, ರೂಮು ಕಾಯ್ದಿರಿಸಿದ್ದಕ್ಕೆ ಇನ್ನೊಂದು, ಅಂದ್ರೆ ಬರೀ ಬುಕಿಂಗ್ ಸೇವೆ. ಇದೊಂದೇ ಕೇಸು ಗೆಲ್ಲಿಸೋದಿಲ್ಲ, ಆದರೆ ಒಂದೇ ಇನ್‌ವಾಯ್ಸು, ಟೂರ್ ಆಪರೇಟರ್ ಸಂಖ್ಯೆ, ಮೇಲೆ ಟಿಸಿಎಸ್ಸು ಇಟ್ಟುಕೊಂಡು 'ನಾವು ಬರೀ ಮಧ್ಯವರ್ತಿ' ಅನ್ನೋದು ಅವರಿಗೆ ಅಷ್ಟು ಸುಲಭ ಆಗಲ್ಲ.

ಇನ್ನೊಂದು ಅಪಾಯ ಕೋರ್ಟಿಗೆ ಹೋಗೋಕೂ ಮುಂಚಿನದ್ದು. ನೀವು ಏಜೆಂಟರಿಗೆ ದುಡ್ಡು ಕೊಟ್ಟಿದ್ದೀರಿ, ಅವರು ಹೋಟೆಲಿಗೆ ಕೊಟ್ಟಿಲ್ಲ. ರಾತ್ರಿ ಹನ್ನೊಂದಕ್ಕೆ ರಿಸೆಪ್ಶನ್ನಿನಲ್ಲಿ ನಿಂತಾಗ 'ನಿಮ್ಮ ಹೆಸರಲ್ಲಿ ಬುಕಿಂಗ್ ಇಲ್ಲ' ಅಂತಾರೆ. ಇದನ್ನು ಮೊದಲೇ ಕಂಡುಹಿಡಿಯೋದು ಸುಲಭ. ವೋಚರಿನಲ್ಲಿರುವ ಏಜೆಂಟರ ಬುಕಿಂಗ್ ಐಡಿ ಸಾಲದು, ಹೋಟೆಲಿನದೇ ಕನ್ಫರ್ಮೇಶನ್ ನಂಬರ್ ಕೇಳಿ ತಗೊಂಡು ಹೋಟೆಲಿಗೆ ನೇರ ಮೇಲ್ ಹಾಕಿ. ರೂಮು ಇದೆಯಾ, ದುಡ್ಡು ಬಂದಿದೆಯಾ ಅಂತ ಎರಡೇ ಪ್ರಶ್ನೆ. ಪಿಎನ್‌ಆರ್ ಅನ್ನು ಆ್ಯಪಿನಲ್ಲಲ್ಲ, ವಿಮಾನ ಕಂಪನಿಯ ಸೈಟಿನಲ್ಲೇ ಹಾಕಿ ನೋಡಿ. ಕೊಂಡ ಮರುದಿನ ಒಮ್ಮೆ, ಹೊರಡೋ ವಾರಕ್ಕೆ ಮುಂಚೆ ಇನ್ನೊಮ್ಮೆ. ದುಡ್ಡು ಕೊಡುವಾಗ ಯುಪಿಐಗಿಂತ ಕ್ರೆಡಿಟ್ ಕಾರ್ಡು ಮೇಲು. ಸೇವೆ ಸಿಗದಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳುವ ದಾರಿ ಇರುತ್ತೆ, ಆದರೆ ಅದಕ್ಕೆ ಗಡುವಿದೆ, ಕಾಯ್ತಾ ಕೂರಬೇಡಿ.

ತೀರ್ಪು

ವಿಮರ್ಶೆ ಅಂದಮೇಲೆ ತೀರ್ಪು ಕೊಡಬೇಕಲ್ಲ. ಬೆಲೆಯಲ್ಲಿ ಪ್ಯಾಕೇಜು ದುಬಾರಿ ಹೋಟೆಲು, ಗಟ್ಟಿ ದಿನಾಂಕ ಇರುವವರಿಗೆ ಗೆಲ್ಲುತ್ತೆ. ಮದುವೆ ವಾರ್ಷಿಕೋತ್ಸವಕ್ಕೆ ರೆಸಾರ್ಟಿಗೆ ಹೋಗ್ತಾ ಇದ್ದೀರಿ, ರಜಾ ಖಾತ್ರಿ, ವೀಸಾದ ತಲೆನೋವಿಲ್ಲ ಅಂದರೆ ತಗೊಳ್ಳಿ. ದಿನಾಂಕ ಅಲುಗಾಡುವ ಹಾಗಿದ್ದರೆ, ಹೋಟೆಲು ಸಾಧಾರಣದ್ದಾದರೆ, ವೀಸಾ ಇನ್ನೂ ಬಂದಿಲ್ಲದಿದ್ದರೆ ಬಿಡಿಯಾಗಿ ಕೊಳ್ಳಿ. ರೂಮು ಕ್ಯಾನ್ಸಲ್ ಮಾಡಬಹುದಾದದ್ದೇ ಇರಲಿ.

ರಕ್ಷಣೆಯ ವಿಷಯದಲ್ಲಿ ಮಾತ್ರ ಇಲ್ಲಿನ ಪ್ಯಾಕೇಜಿಗೆ ನಾನು ಅಂಕ ಕೊಡಲಾರೆ. ಪ್ಯಾಕೇಜು ಅನ್ನೋ ಪದಕ್ಕೆ ಇರಬೇಕಾದ ಅರ್ಥವೇ 'ಎರಡಕ್ಕೂ ನಾನು ಹೊಣೆ' ಅನ್ನೋದು. ತೆರಿಗೆಗೆ ಬೇಕಾದಾಗ ಸರ್ಕಾರ ಅದಕ್ಕೊಂದು ವ್ಯಾಖ್ಯೆ ಬರೆಯಿತು, ಎರಡು ಸೇವೆ ಸೇರಿದರೆ ಪ್ಯಾಕೇಜು ಅಂತ. ಅದೇ ವ್ಯಾಖ್ಯೆಯನ್ನು ಗ್ರಾಹಕರ ಕಾಯ್ದೆಗೂ ಎತ್ತಿ ಹಾಕಿ, ಟಿಸಿಎಸ್ ಹಿಡಿದವರು ಹೊಣೆಯನ್ನೂ ಹಿಡಿಯಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು. ಅಲ್ಲಿಯವರೆಗೆ ಆ ಹಸಿರು ಅಕ್ಷರಕ್ಕಿಂತ ಅದರ ಕೆಳಗೆ ಬೂದು ಬಣ್ಣದಲ್ಲಿರುವ ಷರತ್ತನ್ನು ಮೊದಲು ಓದಿ.